ತೆಲುಗಲ್ಲಿ ಒಂದರಿಂದ ಹತ್ತು: ಮಾರ್ಕೆಟ್‌ನಲ್ಲಿ ಚೌಕಾಸಿ ಮಾಡೋಕೆ ಬೇಕಾದಷ್ಟು, ಕನ್ನಡ ಅಕ್ಷರದಲ್ಲಿ

ನಾನು ತುಮಕೂರು ಕಡೆಯವಳು, ಎರಡು ವರ್ಷ ವಿಜಯವಾಡದಲ್ಲಿದ್ದೆ. ಹೋದ ಹೊಸದರಲ್ಲಿ ಒಂದು ಶುಕ್ರವಾರ ಸಂಜೆ ಹೂವು ತಗೊಳ್ಳೋಕೆ ಹೋದೆ, ಮಲ್ಲಿಗೆ ತೋರಿಸಿ ಎಷ್ಟು ಅಂತ ಸನ್ನೆ ಮಾಡಿದ್ದಕ್ಕೆ ಹೂವಿನ ಅಮ್ಮ "ಮೂರ ಇರವೈ" ಅಂದ್ರು. ಇರವೈ ಅಂದ್ರೆ ಇಪ್ಪತ್ತು ಅಂತ ಗೊತ್ತಿತ್ತು, ಮೂರ ಅಂದಿದ್ದು ನನ್ನ ಕಿವಿಗೆ ಮೂರು ಅಂತ ಬಿತ್ತು, ಸೋ ಮೂರು ಮೊಳ ಇಪ್ಪತ್ತು ರೂಪಾಯಿ ಅಂದ್ಕೊಂಡು ಮೂರು ಬೆರಳು ತೋರಿಸಿದೆ. ಅವರು ಮೊಣಕೈಯಿಂದ ಬೆರಳ ತುದಿವರೆಗೆ ಮೂರು ಸಲ ಅಳೆದು, ಕತ್ತರಿಸಿ, ಎಲೆಯಲ್ಲಿ ಸುತ್ತಿ ಕೊಟ್ಟು "ಅರವೈ" ಅಂದ್ರು. ನಾನು ಮತ್ತೆ ಇರವೈ ಅಂತಾನೇ ಕೇಳಿಸ್ಕೊಂಡು ಇಪ್ಪತ್ತರ ಒಂದು ನೋಟು ಕೊಟ್ಟೆ. ಅವರು ನೋಟು ನೋಡ್ತಾರೆ, ನನ್ನ ಮುಖ ನೋಡ್ತಾರೆ, ಮತ್ತೆ ಅರವೈ ಅಂತಾರೆ.

ತೆಲುಗಲ್ಲಿ ಮೂರ ಅಂದ್ರೆ ನಮ್ಮ ಮೊಳ. ನಮ್ಮ ಮೂರಕ್ಕೆ ಅವರು ಹೇಳೋದು ಮೂಡು. ಅರವೈ ಅಂದ್ರೆ ಅರವತ್ತು. ಅವರು ಹೇಳಿದ್ದು ಮೊಳ ಇಪ್ಪತ್ತು, ಮೂರು ಮೊಳಕ್ಕೆ ಅರವತ್ತು, ಲೆಕ್ಕ ಪಕ್ಕಾ ಇತ್ತು. ಹತ್ತರವರೆಗಿನ ಅಂಕಿ ನಾನು ಅಷ್ಟೊತ್ತಿಗೆ ಬಾಯಿಪಾಠ ಮಾಡಿದ್ದೆ, ಆದ್ರೂ ಎಡವಿದೆ. ಕನ್ನಡದವರಿಗೆ ತೆಲುಗು ಅಂಕಿ ಹೇಳೋದು ಕಷ್ಟಾನೇ ಅಲ್ಲ, ಅರ್ಧ ನಮ್ಮ ಮಾತೇ ಅದು. ಕಷ್ಟ ಇರೋದು ಕೇಳಿಸ್ಕೊಳ್ಳೋದರಲ್ಲಿ, ಯಾಕಂದ್ರೆ ನಮ್ಮ ಪದದ ಥರಾನೇ ಕೇಳಿಸಿ ಬೇರೆ ಅರ್ಥ ಕೊಡೋ ಪದಗಳು ಸಂತೆಯಲ್ಲಿ ಸಾಲಾಗಿ ಬರ್ತಾವೆ. ಅದಕ್ಕೇ ಈ ಗೈಡ್‌ನಲ್ಲಿ ಬಾಯಿಗಿಂತ ಜಾಸ್ತಿ ಕಿವಿಗೆ ಕೆಲಸ ಕೊಟ್ಟಿದ್ದೀನಿ.

ಹೆಜ್ಜೆ 1: ಹತ್ತು ಪದ

ಮೊದಲು ಜೋರಾಗಿ ಒಂದ್ಸಲ ಓದ್ಕೊಳ್ಳಿ. ಬರೆಯೋ ರೂಪ ಮೊದಲು, ಸಂತೆಯಲ್ಲಿ ಬೇಗ ಹೇಳುವಾಗ ಬೇರೆ ಥರ ಕೇಳೋದಿದ್ರೆ ಅದು ಪಕ್ಕದಲ್ಲಿ.

1 – ಒಕಟಿ
2 – ರೆಂಡು
3 – ಮೂಡು
4 – ನಾಲುಗು (ಬೇಗ ಹೇಳಿದ್ರೆ ನಾಲ್ಗು)
5 – ಐದು (ಅಯಿದು)
6 – ಆರು
7 – ಏಡು (ಯೇಡು)
8 – ಎನಿಮಿದಿ (ಎನ್ಮಿದಿ)
9 – ತೊಮ್ಮಿದಿ
10 – ಪದಿ

ಐದು, ಆರು ನಮ್ಮದೇ, ಕಲಿಯೋಕೆ ಏನೂ ಇಲ್ಲ. ರೆಂಡು, ನಾಲುಗು ಕೇಳಿದ ತಕ್ಷಣ ಹೊಳೆಯುತ್ತೆ. ನಿಜವಾಗ್ಲೂ ಕೂತು ಕಲಿಯಬೇಕಾಗಿರೋದು ಆರೇ ಪದ: ಒಕಟಿ, ಮೂಡು, ಏಡು, ಎನಿಮಿದಿ, ತೊಮ್ಮಿದಿ, ಪದಿ.

ಇದರಲ್ಲಿ ಮೂಡು ಮತ್ತು ಏಡು ಒಟ್ಟಿಗೆ ಕಲೀರಿ. ನಮ್ಮ ಮೂರು ಅಲ್ಲಿ ಮೂಡು, ನಮ್ಮ ಏಳು ಅಲ್ಲಿ ಏಡು, ಎರಡರಲ್ಲೂ ಕೊನೆ ಅಕ್ಷರ ಡು ಆಗಿದೆ ಅಷ್ಟೆ. ಈ ಡು ಹಾಡು, ಕಾಡು ಅನ್ನೋದರ ಡು, ನಾಲಿಗೆ ಮೇಲಕ್ಕೆ ಮಡಚಬೇಕು. ಸಡಿಲವಾಗಿ ಏದು ಅಂತ ಹೇಳಿದ್ರೆ ಗದ್ದಲದಲ್ಲಿ ಅವರಿಗೆ ಐದು ಅಂತ ಕೇಳುತ್ತೆ, ಏಳು ನಿಂಬೆಹಣ್ಣು ಕೇಳಿದ್ರೆ ಐದು ಬರುತ್ತೆ. ಸೋ ಏಡು ಅನ್ನುವಾಗ ಏ ಎಳೀರಿ, ಡು ಗಟ್ಟಿಯಾಗಿ ಹೇಳಿ.

ಎಂಟು, ಒಂಬತ್ತು, ಹತ್ತು ಮೂರೂ ಅಲ್ಲಿ ದಿ ಅಂತ ಮುಗಿಯುತ್ತೆ, ಎನಿಮಿದಿ, ತೊಮ್ಮಿದಿ, ಪದಿ. ಕೊನೆ ಕೇಳಿಸ್ಕೊಂಡು ಪ್ರಯೋಜನ ಇಲ್ಲ, ಮೊದಲ ಅಕ್ಷರಕ್ಕೆ ಕಿವಿ ಕೊಡಿ: ಎ ಬಂದ್ರೆ ಎಂಟು, ತೊ ಬಂದ್ರೆ ಒಂಬತ್ತು, ಪ ಬಂದ್ರೆ ಹತ್ತು. ಪದಿ ನೆನಪಿಗೆ ಒಂದು ದಾರಿ ಇದೆ, ಹಳಗನ್ನಡದಲ್ಲಿ ಹತ್ತಕ್ಕೆ ಪತ್ತು ಅಂತಿದ್ರು, ಆಮೇಲೆ ನಮ್ಮ ಪ ಹೋಗಿ ಹ ಆಯ್ತು (ಪಾಲು ಹಾಲು ಆದಂಗೆ), ತೆಲುಗಲ್ಲಿ ಆ ಪ ಹಂಗೇ ಉಳಿದಿದೆ. ತೊಮ್ಮಿದಿಯಲ್ಲಿ ಮಾತ್ರ ಹುಷಾರು, ನಮ್ಮ ತೊಂಬತ್ತಿನ ತೊ ಅದರಲ್ಲಿ ಕೇಳಿಸಿ ತೊಂಬತ್ತು ಅಂತ ಅನ್ನಿಸಿಬಿಡುತ್ತೆ, ಆದ್ರೆ ಅದು ಬರೀ ಒಂಬತ್ತು.

ಏಡು ಬಗ್ಗೆ ಇನ್ನೊಂದು ಮಾತು, ಬೇಕಿದ್ರೆ ಬಿಟ್ಟು ಮುಂದೆ ಹೋಗಿ. ತೆಲುಗಲ್ಲಿ ಅಳೋದಕ್ಕೂ ಏಡು ಅನ್ನೋದೇ ಬುಡ, ಏಡವಕು ಅಂದ್ರೆ ಅಳಬೇಡ. ಅದಕ್ಕೇ ಯಾರಾದ್ರೂ ಅಳ್ತಾ ಕೂತ್ರೆ "ಆರುನ್ನೊಕ್ಕ ರಾಗಂ" ಅಂತ ಹೇಳೋದುಂಟು, ಆರು ಪ್ಲಸ್ ಒಂದು, ಅಂದ್ರೆ ಏಳನೇ ರಾಗ. ಇನ್ನು ಕಾಳು ಅಳೆಯುವಾಗ ನಮ್ಮ ಹಳ್ಳಿ ಕಡೆ ಮೊದಲನೇ ಅಳತೆಗೆ ಒಂದು ಅನ್ನದೆ ಲಾಭ ಅಂತ ಶುರು ಮಾಡ್ತೀವಲ್ಲ, ಅಲ್ಲೂ ಲಾಭಂ, ರೆಂಡು, ಮೂಡು ಅಂತ ಎಣಿಸ್ತಾರೆ. ಲಾಭಂ ಅಂತ ಕೇಳಿದ್ರೆ ಗಾಬರಿ ಆಗ್ಬೇಡಿ, ಅದು ಒಂದೇ.

ಹೆಜ್ಜೆ 2: ಒಕಟಿ ಎಲ್ಲಿ, ಒಕ ಎಲ್ಲಿ

ಕನ್ನಡದಲ್ಲಿ ಒಂದು ಅಂತ ಒಂಟಿಯಾಗಿ ಹೇಳಿದ್ರೂ ಒಂದೇ, ಒಂದು ಕೆಜಿ ಅಂದ್ರೂ ಒಂದೇ. ತೆಲುಗಲ್ಲಿ ಹಂಗಲ್ಲ. ಎಣಿಸುವಾಗ, ಅಥವಾ "ಎಷ್ಟು ಬೇಕು" ಅಂದಿದ್ದಕ್ಕೆ ಬರೀ ಒಂದು ಅಂತ ಉತ್ತರ ಕೊಡುವಾಗ ಒಕಟಿ. ಮುಂದೆ ವಸ್ತುವಿನ ಹೆಸರು ಬಂದ್ರೆ ಒಕ: ಒಕ ಕಿಲೋ, ಒಕ ಕಟ್ಟ (ಸೊಪ್ಪಿನ ಒಂದು ಕಟ್ಟು), ಒಕ ಮೂರ. ಒಕಟಿ ಕಿಲೋ ಅಂದ್ರೂ ಅರ್ಥ ಆಗುತ್ತೆ, ಕೊಡ್ತಾರೆ, ಆದ್ರೆ ಹೊರಗಿನವರು ಅಂತ ಅಲ್ಲೇ ಗೊತ್ತಾಗೋಗುತ್ತೆ. ಎರಡರಿಂದ ಮೇಲೆ ಈ ತಲೆನೋವಿಲ್ಲ, ರೆಂಡು ಕಿಲೋಲು, ಮೂಡು ಕಟ್ಟಲು, ನಾಲುಗು ಮೂರಲು ಅಂತ ಹೋಗುತ್ತೆ, ಬಹುವಚನಕ್ಕೆ ನಾವು ಗಳು ಹಾಕೋ ಜಾಗದಲ್ಲಿ ಅವರು ಲು ಹಾಕ್ತಾರೆ.

ಕೆಜಿಗಿಂತ ಕಮ್ಮಿ ತಗೊಳ್ಳೋರಿಗೆ ಎರಡು ಪದ ಬೇಕೇ ಬೇಕು. ಅರ ಅಂದ್ರೆ ಅರ್ಧ, ಅರ ಕಿಲೋ. ಇಲ್ಲಿ ಅ ಹ್ರಸ್ವ. ಎಳೆದು ಆರ ಕಿಲೋ ಅಂದ್ರೆ ಆರು ಕಿಲೋ ಅಂತ ಕೇಳುತ್ತೆ, ಟೊಮೆಟೊ ತಕ್ಕಡಿಗೆ ಬೀಳ್ತಾ ಇರೋದು ನೋಡಿ ಗೊತ್ತಾಗುತ್ತೆ ಏನೋ ತಪ್ಪಾಗಿದೆ ಅಂತ. ಕಾಲು ಕೆಜಿಗೆ ಪಾವು ಕಿಲೋ. ಹಳೇ ಮೈಸೂರು ಕಡೆ ಅಕ್ಕಿ ಅಳೆಯೋ ಪಾವು ಗೊತ್ತಿದ್ದೋರಿಗೆ ಇದು ಸುಲಭ, ಸೇರಿನ ಕಾಲು ಭಾಗ ಪಾವು, ಹಂಗೇ ಕಿಲೋದ ಕಾಲು ಭಾಗ ಪಾವು ಕಿಲೋ, 250 ಗ್ರಾಂ. ಕಾಲು ಕಿಲೋ ಅಂತ ಕನ್ನಡದಲ್ಲಿ ಕೇಳ್ಬೇಡಿ, ಅಲ್ಲಿ ಅದು ಕೈಕಾಲಿನ ಕಾಲು.

ಹೆಜ್ಜೆ 3: ಹತ್ತರಿಂದ ನೂರಕ್ಕೆ

ಹತ್ತರವರೆಗೆ ಕಲಿತು ನಿಲ್ಲಿಸಿದ್ರೆ ಎಣಿಕೆ ಬರುತ್ತೆ, ರೇಟ್ ಬರಲ್ಲ, ಯಾಕಂದ್ರೆ ರೇಟ್ ಎಲ್ಲಾ ಹತ್ತು ಹತ್ತರಲ್ಲೇ ಇರುತ್ತೆ. ಒಳ್ಳೇ ಸುದ್ದಿ ಏನಂದ್ರೆ ನಾವು ತ್ತು ಅಂತ ಮುಗಿಸೋ ಜಾಗದಲ್ಲಿ ಅವರು ಐ ಅಂತ ಮುಗಿಸ್ತಾರೆ, ಇಪ್ಪತ್ತು ಮೂವತ್ತು ಬಾಯಲ್ಲಿ ಇರೋರಿಗೆ ಒಂದು ಸಂಜೆ ಸಾಕು.

10 – ಪದಿ
20 – ಇರವೈ
30 – ಮುಪ್ಪೈ
40 – ನಲಭೈ
50 – ಯಾಭೈ
60 – ಅರವೈ
70 – ಡೆಬ್ಬೈ
80 – ಎನಭೈ
90 – ತೊಂಭೈ
100 – ವಂದ (ನೂರು ಅಂದ್ರೂ ನಡೆಯುತ್ತೆ)

ನಡುವಿನ ಅಂಕಿಗೆ ಮೊದಲ ಹತ್ತು ಪದಾನೇ ಹಿಂದೆ ಅಂಟಿಸೋದು: ಮುಪ್ಪೈ ಐದು ಅಂದ್ರೆ 35, ನಲಭೈ ಎನಿಮಿದಿ ಅಂದ್ರೆ 48. ಹನ್ನೊಂದರಿಂದ ಹತ್ತೊಂಬತ್ತು ಬೇರೆ ಥರ ಇದೆ, ಚೌಕಾಸಿಗೆ ಅದರಲ್ಲಿ ಬೇಕಾಗೋದು 15 ಒಂದೇ, ಪದಿಹೇನು, ಮಾತಲ್ಲಿ ಪದೇನು ಥರ ಕೇಳುತ್ತೆ. 25ಕ್ಕೆ ಇರವೈ ಐದು ಅನ್ನಬಹುದು, ಆದ್ರೆ ಪಾತಿಕ ಅನ್ನೋ ಪದ ಜಾಸ್ತಿ ಕಿವಿಗೆ ಬೀಳುತ್ತೆ, ಪಾತಿಕ ರೂಪಾಯಲು ಅಂದ್ರೆ ಇಪ್ಪತ್ತೈದು ರೂಪಾಯಿ.

ಈಗ ಕಿವಿ ಎಡವೋ ಮೂರು ಜಾಗ. ಇದನ್ನ ನಿಧಾನವಾಗಿ ಓದಿ, ದುಡ್ಡು ಹೋಗೋದು ಇಲ್ಲೇ.

ಇರವೈ ಮತ್ತು ಅರವೈ. 20, 60. ಮೊದಲ ಸ್ವರ ಬಿಟ್ರೆ ಪೂರ್ತಿ ಒಂದೇ, ಆ ಮೊದಲ ಸ್ವರ ಆಟೋ ಹಾರ್ನ್‌ನಲ್ಲಿ ಮುಳುಗಿಹೋಗುತ್ತೆ. ನಾನು ಹೂವಿನ ಹತ್ತಿರ ಎಡವಿದ್ದು ಇಲ್ಲಿ.

ನಲಭೈ ಮತ್ತು ಎನಭೈ. 40, 80. ಇದೂ ಅದೇ ಕಥೆ, ಬಾಲ ಒಂದೇ. ಲ ಕೇಳಿದ್ರೆ ನಲವತ್ತು ಅಂತ ಹಿಡ್ಕೊಳ್ಳಿ, ನಮ್ಮ ನಲವತ್ತಲ್ಲೂ ಲ ಇದೆ.

ವಂದ. ಮೂರರಲ್ಲಿ ಇದೇ ಜಾಸ್ತಿ ಮೋಸ ಮಾಡೋದು. ವಂದ ಅಂದ್ರೆ ನೂರು, ಆದ್ರೆ ಬೇಗ ಹೇಳುವಾಗ ವೊಂದ ಅಂತ ಬರುತ್ತೆ, ಕನ್ನಡದ ಕಿವಿಗೆ ಅದು ಒಂದು ಅಂತಾನೇ ಬೀಳೋದು. "ಕಿಲೋ ವಂದ" ಅಂದ್ರೆ ಕಿಲೋ ನೂರು ರೂಪಾಯಿ. ನಾವು ಒಂದು ಕಿಲೋ ಬೇಕಾ ಅಂತ ಕೇಳ್ತಿದ್ದಾರೆ ಅಂದ್ಕೊಂಡು ಹೂಂ ಅಂದುಬಿಟ್ರೆ ವ್ಯಾಪಾರ ಮುಗೀತು, ಅವರ ಪ್ರಕಾರ ನಾವು ರೇಟ್ ಒಪ್ಪಿದ್ದೀವಿ. ಉಲ್ಟಾನೂ ಆಗುತ್ತೆ, ಬಾಯಿ ತಪ್ಪಿ ನಾವು ಕನ್ನಡದಲ್ಲಿ "ಒಂದು" ಅಂದ್ರೆ ಅವರಿಗೆ ನೂರು ಅಂತ ಕೇಳುತ್ತೆ. ಹಾಗಾಗಿ ಒಂದು ಅನ್ನೋ ಕನ್ನಡ ಪದಾನ ಮಾರ್ಕೆಟ್ ಗೇಟಿನ ಹೊರಗೇ ಬಿಟ್ಟುಹೋಗಿ. ನೂರರ ಮೇಲೆ ಹೋದ್ರೆ ನೂಟ ಪದಿ 110, ನೂಟ ಯಾಭೈ 150, ರೆಂಡೊಂದಲು 200, ಐದೊಂದಲು 500. ಒಂದಲು ಅಂತ ಬಾಲ ಕೇಳಿದ್ರೆ ಅದು ನೂರುಗಳ ಲೆಕ್ಕ.

ಹೆಜ್ಜೆ 4: ಕೇಳೋದು ಹೆಂಗೆ

ರೇಟ್ ಕೇಳೋಕೆ ಎಂತ. ಕಿಲೋ ಎಂತಂಡಿ? ಕಟ್ಟ ಎಂತಂಡಿ? ಮಂಗಳೂರು, ಮಲೆನಾಡು ಕಡೆಯವರಿಗೆ ಎಂತ ಅಂದ್ರೆ ಏನು, ಅಲ್ಲಿ ಎಂತ ಅಂದ್ರೆ ಎಷ್ಟು. ಎಂಟು ಅಂತ ಕೇಳಿಸ್ಕೊಳ್ಳೋರೂ ಇದ್ದಾರೆ, ಎಂಟಕ್ಕೆ ಅಲ್ಲಿ ಎನಿಮಿದಿ ಅನ್ನೋದು ನೆನಪಿದ್ರೆ ಆ ತೊಂದರೆ ಇಲ್ಲ. ಕೊನೆಯ ಅಂಡಿ ನಮ್ಮ ರೀ ಇದ್ದಂಗೆ, ಮರ್ಯಾದೆಗೆ. ವಿಜಯವಾಡ, ಗುಂಟೂರು ಕಡೆ ಅದನ್ನ ಪ್ರತಿ ವಾಕ್ಯಕ್ಕೂ ಸೇರಿಸ್ತಾರೆ, ಸೇರಿಸದೆ ಬರೀ ಎಂತ ಅಂದ್ರೆ ಒರಟಾಗಿ ಕೇಳುತ್ತೆ. ಗಂಡಸರಿಗೆ ಅನ್ನಾ (ಅಣ್ಣ ಅಂತ ಅರ್ಥ, ಊಟದ ಅನ್ನ ಅಲ್ಲ), ವಯಸ್ಸಾದವರಿಗೆ ಬಾಬಾಯ್, ಹೆಂಗಸರಿಗೆ ಅಮ್ಮಾ ಅಥವಾ ಅಕ್ಕಾ.

ಎಣಿಸೋ ವಸ್ತುವಿಗೆ ಎಂತ ಅಲ್ಲ, ಎನ್ನಿ. ನಮ್ಮಲ್ಲಿ ಎರಡಕ್ಕೂ ಎಷ್ಟು ಅಂತ ಒಂದೇ ಪದ. ನಿಂಬೆಹಣ್ಣಿನ ಹತ್ತಿರ "ಪದಿಕಿ ಎನ್ನಿ?" ಅಂತ ಕೇಳಿ, ಹತ್ತು ರೂಪಾಯಿಗೆ ಎಷ್ಟು ಅಂತ. ಅವರು "ಪದಿಕಿ ಮೂಡು" ಅಂದ್ರೆ ಹತ್ತಕ್ಕೆ ಮೂರು. ನೀವು "ನಾಲುಗು ಇವ್ವಂಡಿ" ಅಂತ ಹೇಳಿ, ನಾಲ್ಕು ಕೊಡಿ ಅಂತ. ಒಂದರಿಂದ ಹತ್ತು ಪೂರ್ತಿ ಉಪಯೋಗಕ್ಕೆ ಬರೋದು ಇಂಥಾ ಜಾಗದಲ್ಲೇ, ನಿಂಬೆಹಣ್ಣು, ಸೊಪ್ಪಿನ ಕಟ್ಟು, ತೆಂಗಿನಕಾಯಿ, ಬಾಳೆಹಣ್ಣು.

ಆ ಕಿ ಗಮನಿಸಿ. ನಮ್ಮ ಹತ್ತಕ್ಕೆ, ಇಪ್ಪತ್ತಕ್ಕೆ ಅನ್ನೋದರ ಕ್ಕೆ ಅಲ್ಲಿ ಕಿ: ಪದಿಕಿ, ಇರವೈಕಿ, ಯಾಭೈಕಿ, ವಂದಕಿ. ಇದಕ್ಕೆ ಇಸ್ತಾರಾ (ಕೊಡ್ತೀರಾ) ಸೇರಿಸಿದ್ರೆ ಚೌಕಾಸಿ ಶುರು, ಯಾಭೈಕಿ ಇಸ್ತಾರಾ? ಕಮ್ಮಿ ಮಾಡಿ ಅನ್ನೋಕೆ "ಕೊಂಚೆಂ ತಗ್ಗಿಂಚಂಡಿ", ಇದರಲ್ಲಿ ನಮ್ಮ ಕೊಂಚವೂ ಇದೆ, ತಗ್ಗಿಸೋದೂ ಇದೆ, ಮರೆಯೋಕೇ ಆಗಲ್ಲ. ಬೇಡ ಅಂದ್ರೆ ವದ್ದು, ಸಾಕು ಅಂದ್ರೆ ಚಾಲು. ಚಾಲು ಅಂದ್ರೆ ನಿಲ್ಲಿಸು ಅಂತ, ನಮ್ಮಂಗೆ ಶುರು ಮಾಡು ಅಂತ ಅಲ್ಲ, ತಕ್ಕಡಿಗೆ ಹಾಕ್ತಾ ಇರುವಾಗ ಇದು ತುಂಬ ಬೇಕಾಗುತ್ತೆ.

ಹೆಜ್ಜೆ 5: ಒಂದು ವ್ಯಾಪಾರ ಪೂರ್ತಿ

ವಿಜಯವಾಡ ವನ್ ಟೌನ್‌ನಲ್ಲಿ ಕಾಳೇಶ್ವರರಾವ್ ಮಾರ್ಕೆಟ್ ಅಂತ ಇದೆ, ಅದಕ್ಕೂ ಕೆ.ಆರ್. ಮಾರ್ಕೆಟ್ ಅಂತಾರೆ, ನಮ್ಮ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರ್ಕೆಟ್ ಥರಾನೇ. ಅಲ್ಲಿ ಬದನೆಕಾಯಿ ತಗೊಂಡಿದ್ದು ಹೆಚ್ಚುಕಮ್ಮಿ ಹೀಗೆ ನಡೀತು. ರೇಟ್ ದಿನಾ ಬದಲಾಗುತ್ತೆ, ಅದನ್ನ ಬಿಡಿ, ಮಾತು ನೋಡಿ.

ನಾನು: ವಂಕಾಯಲು ಕಿಲೋ ಎಂತಂಡಿ?
ಅವರು: ಅರವೈ.
ನಾನು (ಆರು ಬೆರಳು ತೋರಿಸಿ): ಅರವೈಯಾ? ಯಾಭೈಕಿ ಇಸ್ತಾರಾ?
ಅವರು: ಗಿಟ್ಟದಂಡಿ. ಯಾಭೈ ಐದು ಇವ್ವಂಡಿ.
ನಾನು: ರೆಂಡು ಕಿಲೋಲು ತೀಸುಕುಂಟಾ. ಎಂತ?
ಅವರು: ನೂಟ ಪದಿ.
ನಾನು: ವಂದಕಿ ಇವ್ವಂಡಿ.
ಅವರು: ಸರೇ, ತೀಸ್ಕೋಂಡಿ.

ಅರವತ್ತಕ್ಕೆ ಶುರುವಾಗಿದ್ದು ಎರಡು ಕಿಲೋ ನೂರಕ್ಕೆ ಬಂತು, ಅಂದ್ರೆ ಕಿಲೋ ಐವತ್ತು, ನಾನು ಮೊದಲು ಕೇಳಿದ ರೇಟೇ. ಒಂದು ಕಿಲೋಗೆ ಐವತ್ತಕ್ಕೆ ಇಳಿಸದವರು ಎರಡು ಕಿಲೋ ಅಂದಾಗ ಇಳಿಸಿದ್ರು. ತೀಸುಕುಂಟಾ ಅಂದ್ರೆ ತಗೊಳ್ತೀನಿ, ತೀಸ್ಕೋಂಡಿ ಅಂದ್ರೆ ತಗೊಳ್ಳಿ. ಗಿಟ್ಟದು ಅನ್ನೋದು ನಮ್ಮ ಗಿಟ್ಟಲ್ಲ ಅನ್ನೋದೇ, ಅರ್ಥವೂ ಅದೇ. ಗಿಟ್ಟದು ಅಂದಮೇಲೂ ಹೊಸ ರೇಟ್ ಹೇಳಿದ್ರೆ ಇನ್ನೂ ಮಾತಾಡಬಹುದು ಅಂತ. ಬೇರಂ ಲೇದು ಅಂದ್ರೆ ಚೌಕಾಸಿ ಇಲ್ಲ ಅಂತ ನೇರವಾಗಿ ಹೇಳಿದಂಗೆ, ಅಲ್ಲಿಗೆ ಬಿಟ್ಬಿಡಿ. ಬೆಳಗ್ಗೆ ಬೇಗ ಹೋಗಿದ್ದಾಗ "ಬೋಣೀ" ಅಂತ ಹೇಳಿದ್ರೆ ಅದು ಅವರ ದಿನದ ಮೊದಲ ವ್ಯಾಪಾರ, ಆಗ ರೇಟ್ ಕೇಳಿ ಏನೂ ತಗೊಳ್ಳದೆ ಎದ್ದುಹೋದ್ರೆ ಅವರಿಗೆ ಬೇಜಾರಾಗುತ್ತೆ, ನಮ್ಮ ಕಡೆ ಬೋಣಿಯಲ್ಲಿ ಆಗೋ ಥರಾನೇ.

ರೈತು ಬಜಾರ್‌ನಲ್ಲಿ ಈ ಮಾತುಕತೆ ಯಾವುದೂ ಬೇಡ. 1999ರಲ್ಲಿ ಶುರುವಾದ ಈ ಸರ್ಕಾರಿ ಮಾರುಕಟ್ಟೆಗಳಲ್ಲಿ ರೈತರು ನೇರವಾಗಿ ಮಾರ್ತಾರೆ, ಅವತ್ತಿನ ರೇಟ್ ಬೋರ್ಡ್ ಮೇಲೆ ಇರುತ್ತೆ. ಅಲ್ಲಿ ಎಷ್ಟು ಕಿಲೋ ಅಂತ ಹೇಳೋಕೆ ಅಂಕಿ ಬಂದ್ರೆ ಸಾಕು. ಕಿವಿ ಪಳಗಿಸೋಕೆ ಒಳ್ಳೇ ಜಾಗ ಅದು, ಬೋರ್ಡಲ್ಲಿ 40 ಅಂತ ಓದ್ಕೊಂಡು ಪಕ್ಕದವರು ನಲಭೈ ಅನ್ನೋದನ್ನ ಕೇಳಬಹುದು.

ಹೂವಿಗೆ ವಾಪಸ್ ಬರ್ತೀನಿ. ಸರಿಯಾದ ಪ್ರಶ್ನೆ "ಮೂರ ಎಂತಮ್ಮಾ?" ಉತ್ತರ "ಇರವೈ." ಆಮೇಲೆ "ಮೂಡು ಮೂರಲು ಯಾಭೈಕಿ ಇಸ್ತಾರಾ?" ಮೂಡು ಮೂರಲು, ಮೂರು ಮೊಳ, ಈ ಎರಡು ಪದ ಒಟ್ಟಿಗೆ ಹತ್ತು ಸಲ ಹೇಳಿ ನೋಡಿ, ಒಂದರಲ್ಲಿ ಡ ಇನ್ನೊಂದರಲ್ಲಿ ರ, ನಾಲಿಗೆ ಅಲ್ಲೇ ಕಲಿತುಬಿಡುತ್ತೆ. ರೇಟ್ ಇಳಿಸದಿದ್ರೆ ಕೊಸರು ಕೇಳಿ, "ಕೊಸರು ವೇಯಂಡಿ." ಅಳತೆ ಮೇಲೆ ಇನ್ನೊಂಚೂರು ಹಾಕೋದಕ್ಕೆ ನಮ್ಮಲ್ಲೂ ಕೊಸರು, ಅಲ್ಲೂ ಕೊಸರು. ಹೂವಿನ ಅಮ್ಮಂದಿರು ರೇಟಿಗಿಂತ ಇದಕ್ಕೆ ಬೇಗ ಒಪ್ಪೋದನ್ನ ನೋಡಿದ್ದೀನಿ, ಮೊಳ ಅಳೆದಮೇಲೆ ನಾಲ್ಕು ಬೆರಳಷ್ಟು ಬಿಟ್ಟು ಕತ್ತರಿಸ್ತಾರೆ.

ಹೆಜ್ಜೆ 6: ಸರಿ ಕೇಳಿಸ್ಕೊಂಡ್ರಾ ಅಂತ ನೋಡ್ಕೊಳ್ಳೋದು

ತೂಕ ಹಾಕೋಕೆ ಮುಂಚೆ, ಅಥವಾ ಹೂವು ಕತ್ತರಿಸೋಕೆ ಮುಂಚೆ, ಅವರು ಹೇಳಿದ ಅಂಕಿನ ಕೊನೆಗೆ ಆ ಸೇರಿಸಿ ವಾಪಸ್ ಕೇಳಿ: ಇರವೈಯಾ? ವಂದಾ? ಜೊತೆಗೆ ಬೆರಳು ತೋರಿಸಿ, ಇಪ್ಪತ್ತಿಗೆ ಎರಡು, ಅರವತ್ತಕ್ಕೆ ಆರು. ಬೆರಳಿಗಿಂತ ನೋಟು ಇನ್ನೂ ಒಳ್ಳೇದು, ಇಪ್ಪತ್ತರ ನೋಟು ಕೈಯಲ್ಲಿ ಹಿಡಿದು ಕೇಳಿದ್ರೆ ತಪ್ಪಾಗಿದ್ರೆ ಅವರೇ ಕಾದು ಅಂತಾರೆ (ಅಲ್ಲ ಅಂತ ಅರ್ಥ). ಹೂಂ ಅನ್ನೋದನ್ನ ಮಾತ್ರ ಬಿಟ್ಬಿಡಿ. ಅರ್ಥ ಆಗದೆ ಅಂದ ಹೂಂ ಅವರಿಗೆ ಒಪ್ಪಿಗೆ ಅಂತ ಹೋಗುತ್ತೆ, ತೂಕ ಆಗಿ ಕವರಿಗೆ ಬಿದ್ದಮೇಲೆ ರೇಟ್ ಮಾತಾಡೋದು ಯಾವ ಭಾಷೆಯಲ್ಲೂ ಕಷ್ಟ.

ಮನೆಯಲ್ಲಿ ಪ್ರಾಕ್ಟೀಸ್‌ಗೆ ನಾನು ಮಾಡಿದ್ದು ಇಷ್ಟೆ. ಪರ್ಸಿನಲ್ಲಿರೋ ನೋಟು ಒಂದೊಂದಾಗಿ ತೆಗೆದು ಹೆಸರು ಹೇಳೋದು, ಪದಿ, ಇರವೈ, ಯಾಭೈ, ವಂದ, ರೆಂಡೊಂದಲು, ಐದೊಂದಲು, ಕಲಸಿ ಮತ್ತೆ ಹೇಳೋದು. ಆಮೇಲೆ ಮನೆಯವರ ಕೈಯಲ್ಲಿ ಇರವೈ ಅರವೈ ನಲಭೈ ಎನಭೈ ಹಿಂದೆಮುಂದೆ ಮಾಡಿ ಬೇಗ ಬೇಗ ಹೇಳಿಸಿ, ಫ್ಯಾನ್ ಜೋರಾಗಿ ಟಿವಿ ಜೋರಾಗಿ ಇಟ್ಟು, ಕೇಳಿದ್ದು ಯಾವುದು ಅಂತ ಕನ್ನಡದಲ್ಲಿ ಹೇಳೋದು. ನಾಲ್ಕೈದು ದಿನ ಹತ್ತು ಹತ್ತು ನಿಮಿಷ ಮಾಡಿದ್ದಕ್ಕೆ ನನಗೆ ಸಾಕಾಯ್ತು.

ಕೊನೆಗೆ ಚಿಲ್ಲರೆ. ನೂರಕ್ಕೆ ವ್ಯಾಪಾರ ಮುಗಿಸಿ ಇನ್ನೂರರ ನೋಟು ಕೊಟ್ರೆ "ಚಿಲ್ಲರ ಲೇದಂಡಿ" ಅಂತಾರೆ, ಚಿಲ್ಲರೆ ಇಲ್ಲ ಅಂತ. ಇದ್ರೆ ನಿಮ್ಮ ಅಂಗೈ ಮೇಲೆ ಒಂದೊಂದೇ ಹತ್ತರ ನೋಟು ಇಡ್ತಾ ಜೋರಾಗಿ ಎಣಿಸ್ತಾರೆ, ಪದಿ, ಇರವೈ, ಮುಪ್ಪೈ, ನಲಭೈ. ಆಗ ನೀವೂ ಅವರ ಜೊತೆ ತೆಲುಗಲ್ಲೇ ಎಣಿಸಿ. ಕನ್ನಡಕ್ಕೆ ತಿರುಗಿಸ್ಕೊಳ್ಳೋಕೆ ಹೋದ್ರೆ ಒಂದು ನೋಟು ಹಿಂದೆ ಬೀಳ್ತೀರಿ, ತೊಂಭೈ ಆದಮೇಲೆ ಅವರು ವಂದ ಅಂದ್ರೆ ನೂರು ಪೂರ್ತಿ ಬಂತು ಅಂತ.